ಶೇರು, ಠೇವಣಿ, ಬಂಗಾರ: ಯಾವ ವಯಸ್ಸಿಗೆ ಎಷ್ಟು ಪಾಲು, ಯಾವಾಗ ಸರಿಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಕೂತು ಜನರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಫೈಲು ಮುಗಿದ ಮೇಲೆ ಚಹಾ ಕುಡಿಯುತ್ತ ಜನ ಕೇಳುವ ಪ್ರಶ್ನೆಗಳು ವರ್ಷ ವರ್ಷ ಅವೇ. ಇತ್ತೀಚೆಗೆ ಬಂಗಾರದ ರೇಟು ಏರಿದ ಮೇಲಂತೂ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತಿದೆ: "ಇದ್ದದ್ದನ್ನು ಇಡಬೇಕೋ, ಮಾರಬೇಕೋ, ಇನ್ನೂ ಕೊಳ್ಳಬೇಕೋ?" ಅದಕ್ಕೆ ಉತ್ತರ ಬಂಗಾರದ ರೇಟಿನಲ್ಲಿ ಸಿಗುವುದಿಲ್ಲ, ನಿಮ್ಮ ಒಟ್ಟು ಗಂಟಿನಲ್ಲಿ ಅದರ ಪಾಲು ಎಷ್ಟು ಎಂಬುದರಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ಮೊದಲು ಲೆಕ್ಕಕ್ಕೆ ಏನೇನು ಹಿಡಿಯಬೇಕು? ಮನೆ, ಹೊಲ, ಮೈಮೇಲಿನ ಬಂಗಾರ ಎಲ್ಲಾ ಸೇರುತ್ತವೆಯೇ?

ಇಲ್ಲ. ಬೇಕಾದಾಗ ಸ್ವಲ್ಪ ಮಾರಿ ಇನ್ನೊಂದಕ್ಕೆ ಹಾಕಲು ಬರುವುದು ಮಾತ್ರ ಈ ಲೆಕ್ಕಕ್ಕೆ. ಇರುವ ಮನೆಯ ಒಂದು ಖೋಲಿ ಮಾರಿ ಶೇರು ಕೊಳ್ಳಲಾಗದು. ಹೊಲವೂ ಹಾಗೆಯೇ.

ಒಡವೆಯ ವಿಷಯದಲ್ಲಿ ಜನ ಒಪ್ಪುವುದಿಲ್ಲ. ಇಳಕಲ್ಲಿನ ನಮ್ಮ ಅತ್ತೆಯ ಹತ್ತಿರ ಪಾಟ್ಲಿ, ಬೋರಮಾಳ ಸೇರಿ ಹದಿನೈದು ತೊಲಿ ಮೇಲೆ ಇದೆ. "ಅತ್ತೀ, ಶೇರು ಮಾರ್ಕೆಟ್ ಬಿದ್ದಾಗ ಇದರಾಗಿಂದು ಎರಡು ತೊಲಿ ಮಾರಿ ಫಂಡಿಗೆ ಹಾಕೂಣೇನು?" ಎಂದು ಚೇಷ್ಟೆಗೆ ಕೇಳಿದೆ. "ನನ್ನ ಕೊಳ್ಳಾಗಿಂದು ತಗದು ಸಟ್ಟಾಕ್ಕ ಹಾಕ್ತೀಯೇನೋ ತಮ್ಮಾ?" ಎಂದರು. ಪರೀಕ್ಷೆ ಅಲ್ಲಿಗೇ ಮುಗಿಯಿತು. ಮಾರಲು ಮನಸ್ಸೇ ಇಲ್ಲದ ಬಂಗಾರ ಹೂಡಿಕೆಯಲ್ಲ. ಮನಸ್ಸಿದ್ದರೂ ಮಜೂರಿ ಹೋಗುತ್ತದೆ, ಹರಳಿನ ತೂಕ ಕಳೆಯುತ್ತಾರೆ, ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ತಿರುಗಿ ಬರುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಹಿಡಿಯುವುದು ಶೇರಿನ ಹಾಗೆ ಮಾರ್ಕೆಟ್ಟಿನಲ್ಲಿ ಕೊಂಡು ಮಾರುವ ಗೋಲ್ಡ್ ಇಟಿಎಫ್, ಗೋಲ್ಡ್ ಫಂಡ್, ಹಿಂದೆ ಕೊಂಡ ಸಾವರಿನ್ ಗೋಲ್ಡ್ ಬಾಂಡ್, ಮತ್ತು ಮಾರಲೆಂದೇ ಇಟ್ಟ ನಾಣ್ಯ ಇದ್ದರೆ ಅದು.

ಆದರೆ ಒಂದು ಮಾತು. ಒಡವೆ ಲೆಕ್ಕಕ್ಕಿಲ್ಲ ಎಂದರೂ ಅದು ಮನೆಯಲ್ಲಿದೆ. ಅಡಚಣೆ ಬಂದರೆ ಒತ್ತೆ ಇಡಲು ಬರುತ್ತದೆ. ಆದ್ದರಿಂದ ಒಡವೆ ಜಾಸ್ತಿ ಇರುವ ಮನೆಗೆ ಹೂಡಿಕೆಯ ಬಂಗಾರ 10 ಪರ್ಸೆಂಟಿಗಿಂತ ಹೆಚ್ಚು ಬೇಡ, 5 ಇದ್ದರೂ ನಡೆಯುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಆರು ತಿಂಗಳ ಮನೆಖರ್ಚಿನ ಹಣವನ್ನೂ ಈ ಲೆಕ್ಕದ ಹೊರಗೇ ಇಡಿ. ಭಿಶಿಗೆ ಕಟ್ಟುತ್ತಿರುವುದನ್ನೂ ಹೊರಗಿಡಿ. ಅದು ಕೈಗೆ ಬಂದ ಮೇಲೆ ನೋಡೋಣ.

ಡೆಟ್ ಎಂದರೆ ನಿಖರವಾಗಿ ಏನು? ಸೊಸೈಟಿ ಠೇವಣಿಯೂ ಡೆಟ್ ತಾನೆ?

ಡೆಟ್ ಎಂದರೆ ನೀವು ಯಾರಿಗೋ ಸಾಲ ಕೊಟ್ಟ ಹಣ: ಬ್ಯಾಂಕಿನ ಎಫ್‌ಡಿ, ಪೋಸ್ಟ್ ಆಫೀಸಿನ ಯೋಜನೆಗಳು, ಪಿಪಿಎಫ್, ನೌಕರರ ಪಿಎಫ್, ಡೆಟ್ ಫಂಡು. ಪಿಎಫ್ ಸಂಸ್ಥೆ ತನ್ನ ನಿಧಿಯ ಸ್ವಲ್ಪ ಭಾಗವನ್ನು ಶೇರಿನಲ್ಲಿ ಹಾಕುತ್ತದೆ ನಿಜ. ಆದರೆ ನಿಮಗೆ ಬರುವುದು ಘೋಷಿಸಿದ ಬಡ್ಡಿ, ಹಾಗಾಗಿ ನಿಮ್ಮ ಪಾಲಿಗೆ ಅದು ಪೂರ್ತಿ ಡೆಟ್.

ಸೊಸೈಟಿ ಠೇವಣಿಗೆ ಉತ್ತರ ಕೊಡುವ ಮೊದಲು ನಮ್ಮ ಮನೆಯ ಕಥೆ. ನಮ್ಮ ಅಪ್ಪ ನಿವೃತ್ತಿ ಹಣದ ಒಂದು ಭಾಗವನ್ನು ಊರಿನ ಪತ್ತಿನ ಸಂಘವೊಂದರಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ಮೂರು ಪರ್ಸೆಂಟ್ ಹೆಚ್ಚು ಬಡ್ಡಿ, ಕಾರ್ಯದರ್ಶಿ ಗುರುತಿನವರು. ಎರಡು ವರ್ಷ ಬಡ್ಡಿ ಸರಿಯಾಗಿ ಬಂತು. ಮೂರನೇ ವರ್ಷ "ಮುಂದಿನ ತಿಂಗಳು ಬರ್ರಿ" ಶುರುವಾಯಿತು, ಆಮೇಲೆ ಶಟರ್ ಎಳೆದರು. ಕಡೆಗೆ ಕಂತುಗಳಲ್ಲಿ ಅಸಲಿನ ಅರ್ಧದಷ್ಟು ತಿರುಗಿ ಬಂತು. ಅಪ್ಪನ ಪುಸ್ತಕದಲ್ಲಿ ಅದು ಕೊನೆವರೆಗೂ "ಸುರಕ್ಷಿತ" ಕಾಲಮ್ಮಿನಲ್ಲೇ ಇತ್ತು.

ಬ್ಯಾಂಕ್ ಮುಳುಗಿದರೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ಠೇವಣಿ ವಿಮೆಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ರಕ್ಷಣೆ ಇದೆ. 2020ರ ಫೆಬ್ರವರಿಯಿಂದ ಈ ಮಿತಿ. ಸಹಕಾರಿ ಬ್ಯಾಂಕಿಗೂ ಇದು ಇದೆ. ಆದರೆ ಪತ್ತಿನ ಸಹಕಾರಿ ಸಂಘಕ್ಕಾಗಲಿ ಸೌಹಾರ್ದ ಸಹಕಾರಿಗಾಗಲಿ ಇಲ್ಲ. ಬೋರ್ಡಿನಲ್ಲಿ "ಬ್ಯಾಂಕ್" ಎಂಬ ಪದ ಇದೆಯೋ ಇಲ್ಲವೋ ನೋಡಿ, ಇದ್ದರೂ ಡಿಐಸಿಜಿಸಿ ಪಟ್ಟಿಯಲ್ಲಿ ಹೆಸರು ಹುಡುಕಿ. ಸೊಸೈಟಿ ಠೇವಣಿ ಇಡಬೇಡಿ ಎಂದು ನಾನು ಹೇಳುವುದಿಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ಗಂಡಾಂತರದ ಲೆಕ್ಕದಲ್ಲಿ ಅದನ್ನು ಶೇರಿನ ಪಕ್ಕದಲ್ಲಿ ಕೂರಿಸಿ. ಶೇರು ಬಿದ್ದಾಗ ಕೈಹಿಡಿಯಬೇಕಾದ ಹಣ ಅಲ್ಲಿ ಇರಬಾರದು.

100ರಿಂದ ವಯಸ್ಸು ಕಳೆದರೆ ಬರುವಷ್ಟು ಶೇರು ಎನ್ನುತ್ತಾರಲ್ಲ, ಅದು ಸರಿಯೇ?

ಏನೂ ಗೊತ್ತಿಲ್ಲದವರಿಗೆ ಕೆಟ್ಟ ಸೂತ್ರವಲ್ಲ. 30ಕ್ಕೆ 70, 60ಕ್ಕೆ 40. ತೊಂದರೆ ಏನೆಂದರೆ ಅದು ನಿಮ್ಮ ವಯಸ್ಸನ್ನು ಮಾತ್ರ ಕೇಳುತ್ತದೆ. ಹಣ ಯಾವಾಗ ಬೇಕು ಎಂದು ಕೇಳುವುದಿಲ್ಲ, ಸಂಬಳ ಎಷ್ಟು ಗಟ್ಟಿ ಎಂದೂ ಕೇಳುವುದಿಲ್ಲ.

ವಯಸ್ಸಾದಂತೆ ಶೇರು ಏಕೆ ಇಳಿಸಬೇಕು ಎಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ಮುಟ್ಟಿತ್ತು. 2009ರ ಮಾರ್ಚ್‌ನಲ್ಲಿ 8,200ರ ಸುಮಾರಿಗೆ ಬಂತು, ಅಂದರೆ 60 ಪರ್ಸೆಂಟ್ ಬಿತ್ತು. ಆ ಹಳೇ ಎತ್ತರವನ್ನು ಗಟ್ಟಿಯಾಗಿ ದಾಟಲು 2013ರ ಕೊನೆ ಬೇಕಾಯಿತು. ಆಗ 28 ವರ್ಷದವನ ಗಂಟು 3 ಲಕ್ಷ, ಅದರಲ್ಲಿ 70 ಪರ್ಸೆಂಟ್ ಶೇರು ಎಂದಿಟ್ಟುಕೊಳ್ಳಿ. ಅವನಿಗೆ ಹೋದದ್ದು 1.26 ಲಕ್ಷ. ಮುಂದೆ ಮೂವತ್ತು ವರ್ಷದ ದುಡಿಮೆ ಇದೆ, ಬಿದ್ದ ರೇಟಿನಲ್ಲಿ ಐದು ವರ್ಷ ಕೊಳ್ಳುವ ಅವಕಾಶವೂ ಸಿಕ್ಕಿತು. ಅದೇ 58 ವರ್ಷದವರ ಗಂಟು 40 ಲಕ್ಷ, ಶೇರು ಅದೇ 70 ಇದ್ದಿದ್ದರೆ ಹೋಗುತ್ತಿದ್ದದ್ದು 16.8 ಲಕ್ಷ, ಸಂಬಳ ಇನ್ನು ಎರಡೇ ವರ್ಷ. ಶೇರು 35 ಮಾತ್ರ ಇದ್ದಿದ್ದರೆ 8.4 ಲಕ್ಷ. ಅದೂ ಉರಿಯುತ್ತದೆ, ಆದರೆ ಮಗಳ ಮದುವೆ ನಿಲ್ಲುವುದಿಲ್ಲ.

ಹಾಗಾದರೆ ನನ್ನ ವಯಸ್ಸಿಗೆ ಎಷ್ಟು? ಒಂದು ಅಂದಾಜು ಹೇಳಿ.

ಸಂಬಳದ ನೌಕರಿ ಇರುವವರಿಗೆ, ಹತ್ತು ವರ್ಷದ ಮೇಲಿನ ಹಣಕ್ಕೆ ನಾನು ಹೇಳುವುದು ಹೀಗೆ. ಮೂವತ್ತರೊಳಗಿದ್ದರೆ ಶೇರು 70, ಡೆಟ್ 20, ಬಂಗಾರ 10. ಮೂವತ್ತರಿಂದ ನಲವತ್ತೈದರ ತನಕ 60, 30, 10. ಅಲ್ಲಿಂದ ವರ್ಷಕ್ಕೆ ಎರಡೆರಡು ಅಂಶ ಶೇರು ಇಳಿಸುತ್ತ ಹೋದರೆ ಐವತ್ತೈದಕ್ಕೆ 40ಕ್ಕೆ ಬರುತ್ತದೆ. ಅರವತ್ತು ದಾಟಿದ ಮೇಲೆ 30ರ ಆಸುಪಾಸು. ಬಂಗಾರ ಎಲ್ಲ ವಯಸ್ಸಿಗೂ 10 ಸಾಕು.

ಇದು ನನ್ನ ಮನಸ್ಸಿನಿಂದ ಹುಟ್ಟಿದ್ದಲ್ಲ. ಸರ್ಕಾರದ ಪಿಂಚಣಿ ಯೋಜನೆ ಎನ್‌ಪಿಎಸ್‌ನಲ್ಲಿ ವಯಸ್ಸಿನಂತೆ ಪಾಲು ತಾನಾಗೇ ಬದಲಾಗುವ ಆಟೋ ಚಾಯ್ಸ್‌ನಲ್ಲಿ ಇದೇ ಪದ್ಧತಿ ಇದೆ. ಅದರ ಮಧ್ಯಮ ಆಯ್ಕೆ ಎಲ್‌ಸಿ-50ಯಲ್ಲಿ 35ನೇ ವಯಸ್ಸಿನ ತನಕ ಶೇರು 50, ಅಲ್ಲಿಂದ ವರ್ಷಕ್ಕೆ 2 ಇಳಿಯುತ್ತ 55ಕ್ಕೆ 10ಕ್ಕೆ ಬರುತ್ತದೆ. 55ಕ್ಕೆ ಬರೀ 10 ಎಂದರೆ ನನಗೆ ತೀರಾ ಕಡಿಮೆ ಎನಿಸುತ್ತದೆ. ನಿವೃತ್ತಿಯ ನಂತರವೂ ಇಪ್ಪತ್ತೈದು ವರ್ಷ ಕಿರಾಣಿ, ಔಷಧದ ಬೆಲೆ ಏರುತ್ತಲೇ ಇರುತ್ತದಲ್ಲ.

ಮೂರು ವರ್ಷದೊಳಗೆ ಬೇಕಾದ ಹಣಕ್ಕೆ ಮಾತ್ರ ವಯಸ್ಸು ಕೇಳಬೇಡಿ. ಸೈಟಿನ ಬಾಕಿ ಕಂತು, ಮಗನ ಇಂಜಿನಿಯರಿಂಗ್ ಫೀ, ಇವೆಲ್ಲ 25ರವನಿಗೂ ಎಫ್‌ಡಿಯೇ.

ನಮ್ಮದು ಕಬ್ಬು, ದ್ರಾಕ್ಷಿ. ಸಂಬಳ ಇಲ್ಲ. ಇದೇ ಪಾಲು ನಡೆಯುತ್ತದೆಯೇ?

ನಡೆಯುವುದಿಲ್ಲ. ಸಂಬಳದವನ ಸಂಬಳವೇ ಒಂದು ಬಾಂಡ್ ಇದ್ದ ಹಾಗೆ, ತಿಂಗಳು ತಿಂಗಳು ಬರುತ್ತದೆ. ನಿಮ್ಮ ಆದಾಯವೇ ಶೇರಿನ ಹಾಗೆ ಏರಿಳಿಯುತ್ತದೆ. ಕಬ್ಬಿನ ಬಿಲ್ಲು ಕಾರ್ಖಾನೆಗೆ ಕಬ್ಬು ಹೋದ 14 ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆದರೆ ಬಿಲ್ಲು ಯಾವಾಗ ಬರುತ್ತದೆ ಎಂಬುದು ಜಮಖಂಡಿ, ಮುಧೋಳ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ತಿಕೋಟಾ ಕಡೆ ದ್ರಾಕ್ಷಿಯವರಿಗೆ ಕಟಾವಿನ ಹೊತ್ತಿಗೆ ಒಂದು ಅಕಾಲಿಕ ಮಳೆ ಸಾಕು.

ಹಾಗಾಗಿ ರೈತ ಮನೆತನಕ್ಕೆ ನಾನು ಶೇರಿನ ಪಾಲನ್ನು ಮೇಲಿನ ಲೆಕ್ಕಕ್ಕಿಂತ 15ರಿಂದ 20 ಅಂಶ ಕಡಿಮೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಪೂರ್ತಿ ವರ್ಷದ ಮನೆಖರ್ಚು ಮತ್ತು ಮುಂದಿನ ಬೆಳೆಯ ಖರ್ಚು ಎರಡೂ ಬ್ಯಾಂಕಿನಲ್ಲಿ ಇರಬೇಕು. ಅದು ಇಲ್ಲದವರು ಫಂಡು ಶುರುಮಾಡಿದರೆ ಆಗುವುದು ಒಂದೇ: ಬಿಲ್ಲು ತಡವಾದ ತಿಂಗಳು, ಮಾರ್ಕೆಟ್ ಎಷ್ಟಿದ್ದರೆ ಅಷ್ಟಕ್ಕೆ ಮಾರುತ್ತಾರೆ. ತಿಂಗಳ ಎಸ್‌ಐಪಿಯೂ ಈ ಆದಾಯಕ್ಕೆ ಒಗ್ಗುವುದಿಲ್ಲ. ಬಿಲ್ಲು ಬಂದಾಗ ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳಿಗೆ ಇಷ್ಟು ಎಂದು ಎಸ್‌ಟಿಪಿ ಮೂಲಕ ಈಕ್ವಿಟಿ, ಅಂದರೆ ಶೇರಿನ ಫಂಡಿಗೆ ಹರಿಸಿ. ಮಧ್ಯೆ ಅಡಚಣೆ ಬಂದರೆ ಲಿಕ್ವಿಡ್ ಫಂಡಿನದು ಕೈಗೆ ಸಿಗುತ್ತದೆ.

ಸಾಲ ಇದ್ದರೆ?

ಒಡವೆ ಒತ್ತೆ ಇಟ್ಟು 10 ಪರ್ಸೆಂಟಿಗೆ ಸಾಲ, ಪಕ್ಕದಲ್ಲೇ 7ರ ಎಫ್‌ಡಿ. ಇಂಥದ್ದನ್ನು ವಾರಕ್ಕೊಂದು ನೋಡುತ್ತೇನೆ. ಎಫ್‌ಡಿ ಮುರಿದು ಒಡವೆ ಬಿಡಿಸಿಕೊಳ್ಳಿ. ಸಾಲ ತೀರಿಸುವುದೇ ಆಗ ನಿಮ್ಮ ಡೆಟ್ ಹೂಡಿಕೆ.

ಪಾಲು ಸರಿಮಾಡುವುದು, ಅಂದರೆ ರೀಬ್ಯಾಲೆನ್ಸ್, ಯಾವಾಗ ಮಾಡಬೇಕು?

ವರ್ಷಕ್ಕೊಮ್ಮೆ ನೋಡುವುದು, ಗೆರೆ ದಾಟಿದ್ದರೆ ಮಾತ್ರ ಮುಟ್ಟುವುದು. ನೋಡುವ ದಿನ ಬೇರೆ, ಮುಟ್ಟುವ ಕಾರಣ ಬೇರೆ ಎಂಬುದನ್ನು ಗಮನಿಸಿ.

ಗೆರೆ ಎಳೆಯುವ ರೂಢಿಯ ಕ್ರಮ ಹೀಗಿದೆ. ಗುರಿಯಿಂದ 5 ಅಂಶ ಆಚೀಚೆ, ಅಥವಾ ಗುರಿಯ ಕಾಲು ಭಾಗ ಆಚೀಚೆ, ಯಾವುದು ಚಿಕ್ಕದೋ ಅದು. ಶೇರಿನ ಗುರಿ 60 ಇದ್ದರೆ ಗೆರೆ 55 ಮತ್ತು 65. ಬಂಗಾರದ ಗುರಿ 10 ಇದ್ದರೆ ಕಾಲು ಭಾಗ ಎಂದರೆ ಎರಡೂವರೆ, ಹಾಗಾಗಿ 7.5 ಮತ್ತು 12.5. ಬಂಗಾರಕ್ಕೂ 5 ಅಂಶವನ್ನೇ ಇಟ್ಟರೆ ಅದು ಒಂದೂವರೆಪಟ್ಟು ಆಗುವ ತನಕ ಗಂಟೆಯೇ ಬಾರಿಸುವುದಿಲ್ಲ.

ದಿನ ಯಾವುದು? ನಾನು ಯುಗಾದಿ ಎನ್ನುತ್ತೇನೆ. ಶಾಸ್ತ್ರಕ್ಕಲ್ಲ. ಯುಗಾದಿ ಬರುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಆರ್ಥಿಕ ವರ್ಷ ತಿರುಗುವ ಹೊತ್ತಿಗೆ. ಈಕ್ವಿಟಿ ಫಂಡನ್ನು ವರ್ಷದ ಮೇಲೆ ಇಟ್ಟು ಮಾರಿದರೆ ಒಂದು ಆರ್ಥಿಕ ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲೆ 12.5 ಪರ್ಸೆಂಟ್. ದೊಡ್ಡ ಮೊತ್ತ ಇಳಿಸಬೇಕಿದ್ದರೆ ಅರ್ಧ ಮಾರ್ಚ್ 31ರೊಳಗೆ, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷದ ವಿನಾಯಿತಿ ಸಿಕ್ಕಿತು. ನಿಮಗೆ ದೀಪಾವಳಿ ಪಾಡ್ಯದ ದಿನ ಖಾತೆ ಪೂಜೆಯ ಜೊತೆ ನೋಡುವುದು ರೂಢಿಯಾಗಿದ್ದರೆ ಅದೇ ಇರಲಿ.

ತಿಂಗಳು ತಿಂಗಳು ನೋಡುವವರನ್ನೂ ಕಂಡಿದ್ದೇನೆ. ಅವರು ಪಾಲು ಸರಿಮಾಡುವುದಿಲ್ಲ, ಟ್ಯಾಕ್ಸ್ ಮತ್ತು ಬೇಗ ಮಾರಿದ್ದಕ್ಕೆ ಫಂಡಿನವರು ಹಿಡಿಯುವ ಎಕ್ಸಿಟ್ ಲೋಡ್ ಕಟ್ಟುತ್ತಾರೆ, ಅಷ್ಟೇ.

ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸಿ.

ನನ್ನ ಸೋದರಳಿಯನದೇ ತೋರಿಸುತ್ತೇನೆ. ವಯಸ್ಸು 36, ಊರು ಗೋಕಾಕ ಕಡೆ, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ವಿಭಾಗ. ಅಂಕಿಗಳನ್ನು ತಿಳಿಯಲು ಸುಲಭವಾಗಲಿ ಎಂದು ದುಂಡು ಮಾಡಿದ್ದೇನೆ. ಗುರಿ 60, 30, 10. ಶುರುವಿನಲ್ಲಿ ಒಟ್ಟು 20 ಲಕ್ಷ: ಶೇರು ಫಂಡು 12, ಡೆಟ್ 6, ಗೋಲ್ಡ್ ಇಟಿಎಫ್ 2.

ಮುಂದಿನ ಬಾರಿ ಲೆಕ್ಕ ತೆಗೆದಾಗ, ನಡುವೆ ಹಾಕಿದ ಹೊಸ ಹಣ ಬಿಟ್ಟು, ಶೇರು 12.6, ಡೆಟ್ 6.45, ಬಂಗಾರ 3.4 ಆಗಿತ್ತು. ಒಟ್ಟು 22.45 ಲಕ್ಷ. ಪಾಲು ನೋಡಿದರೆ ಶೇರು 56, ಡೆಟ್ 29, ಬಂಗಾರ 15. ಶೇರು, ಡೆಟ್ ಗೆರೆಯೊಳಗೇ ಇವೆ. ಬಂಗಾರ ಮಾತ್ರ 12.5 ದಾಟಿದೆ.

"ಮಾಮಾ, ಓಡೋ ಕುದರಿ ಯಾಕ ಮಾರೂದು? ಗೋಲ್ಡ್ ಎಸ್‌ಐಪಿ ನಿಂದ್ರಿಸಿ ಶೇರಿಗಿ ತಿರುಗಸ್ತೀನಿ, ತಾನಾಗೇ ಸರಿ ಆಕ್ಕತಿ" ಎಂದ. ಮಾರದೆ, ತೆರಿಗೆ ಕಟ್ಟದೆ, ಹೊಸ ಹಣದಿಂದಲೇ ಸರಿಮಾಡುವುದು ಯಾವಾಗಲೂ ಮೊದಲ ಉಪಾಯ, ಒಪ್ಪಿದೆ. ಆದರೆ ಲೆಕ್ಕ ಹಾಕಿ ನೋಡೋಣ ಎಂದೆ. 3.4 ಲಕ್ಷವು 12.5 ಪರ್ಸೆಂಟ್ ಆಗಬೇಕಿದ್ದರೆ ಒಟ್ಟು ಗಂಟು 27.2 ಲಕ್ಷ ಆಗಬೇಕು. ಇನ್ನೂ 4.75 ಲಕ್ಷ ಬೇಕು. ಅವನ ಎಸ್‌ಐಪಿ 15,000, ಪಿಎಫ್ 6,000, ತಿಂಗಳಿಗೆ 21,000. ಸುಮಾರು 23 ತಿಂಗಳು ಹಿಡಿಯುತ್ತದೆ, ಅದೂ ಬರೀ ಗೆರೆಯೊಳಗೆ ಬರಲು. ಗಂಟು ಚಿಕ್ಕದಿದ್ದಾಗ ಹೊಸ ಹಣ ಎಲ್ಲವನ್ನೂ ಸರಿಮಾಡುತ್ತದೆ. ಗಂಟು ಬೆಳೆದ ಮೇಲೆ ಅದರ ಬಲ ಸಾಲುವುದಿಲ್ಲ.

ಕಡೆಗೆ ಎರಡನ್ನೂ ಕೂಡಿಸಿದೆವು. ಇಟಿಎಫ್‌ನಲ್ಲಿ 60,000 ರೂಪಾಯಿಯ ಯೂನಿಟ್ ಮಾರಿದ. ಬಂಗಾರ 2.8 ಲಕ್ಷಕ್ಕೆ ಇಳಿದು ಗೆರೆಯೊಳಗೆ ಬಂತು. ಅವನ ಬಂಗಾರದ ಅಸಲು ಖರೀದಿ 1.5 ಲಕ್ಷ ಇತ್ತು, ಹಾಗಾಗಿ ಆ 60,000ದಲ್ಲಿ ಲಾಭ ಸುಮಾರು 33,500. ಇಟಿಎಫ್ 12 ತಿಂಗಳ ಮೇಲೆ ಇಟ್ಟಿದ್ದರಿಂದ 12.5 ಪರ್ಸೆಂಟ್ ಮತ್ತು ಸೆಸ್, ಒಟ್ಟು 4,350ರ ಹತ್ತಿರ. ಇಲ್ಲಿ ಬಹಳ ಜನ ಎಡವುತ್ತಾರೆ: 1.25 ಲಕ್ಷದ ವಿನಾಯಿತಿ ಶೇರು ಮತ್ತು ಈಕ್ವಿಟಿ ಫಂಡಿಗೆ ಮಾತ್ರ, ಬಂಗಾರಕ್ಕೆ ಇಲ್ಲ. ಉಳಿದ ಹಣ ಈಕ್ವಿಟಿ ಫಂಡಿಗೆ ಹೋಯಿತು, ಶೇರಿನ ಪಾಲು 59ರ ಹತ್ತಿರ ಬಂತು. ಗೋಲ್ಡ್ ಎಸ್‌ಐಪಿಯ 1,500ನ್ನು ಶೇರಿಗೆ ತಿರುಗಿಸಿದ. ಇನ್ನುಳಿದದ್ದು ನಿಧಾನವಾಗಿ 10ಕ್ಕೆ ಬರಲಿ ಎಂದು ಬಿಟ್ಟೆವು.

ಒಂದೇ ಏಟಿಗೆ 10ಕ್ಕೆ ಇಳಿಸಬಾರದೇಕೆ ಎಂದರೆ, ಇಳಿಸಬಹುದು. 1.15 ಲಕ್ಷ ಮಾರಬೇಕಿತ್ತು, ತೆರಿಗೆ ಸುಮಾರು ಇಮ್ಮಡಿ. ಗೆರೆಯೊಳಗೆ ತಂದರೆ ದೊಡ್ಡ ಗಂಡಾಂತರ ಹೋಯಿತು, ಮಿಕ್ಕಿದ್ದಕ್ಕೆ ಹೊಸ ಹಣ ಇದೆ ಎಂಬುದು ನನ್ನ ದಾರಿ.

ಶೇರು ಬಿದ್ದಾಗಲೂ ಇದೇ ಕ್ರಮವೇ? ಬೀಳುತ್ತಿರುವುದಕ್ಕೆ ಹಣ ಸುರಿಯಬೇಕೇ?

ಕ್ರಮ ಅದೇ, ಆದರೆ ಕೈ ನಡುಗುತ್ತದೆ. ನಿಜವಾದ ಅಡ್ಡಿ ಮಾತ್ರ ಕೈಯಲ್ಲಿ ಇರುವುದಿಲ್ಲ, ಡೆಟ್ ಎಲ್ಲಿ ಇಟ್ಟಿದ್ದೀರಿ ಎಂಬುದರಲ್ಲಿ ಇರುತ್ತದೆ. ನಾನು ಎಲ್ಲರಿಗೂ ಬಿಡದೆ ಹೇಳುವ ಅಂಶ ಇದು.

2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000 ಇತ್ತು. ಮಾರ್ಚ್ 23ರಂದು ಒಂದೇ ದಿನ 13 ಪರ್ಸೆಂಟ್ ಬಿದ್ದು 26,000ದ ಕೆಳಗೆ ಮುಚ್ಚಿತು. ಜನವರಿಯಿಂದ 38 ಪರ್ಸೆಂಟ್ ಇಳಿತ. ಅಳಿಯನ 20 ಲಕ್ಷದ ಗಂಟನ್ನೇ ಆ ದಿನಕ್ಕೆ ಒಯ್ದು ನೋಡಿ. ಶೇರಿನ 12 ಲಕ್ಷ 7.4 ಆಗುತ್ತಿತ್ತು. ಡೆಟ್ 6, ಬಂಗಾರ 2.1 ಎಂದಿಟ್ಟುಕೊಳ್ಳಿ. ಒಟ್ಟು 15.5 ಲಕ್ಷದಲ್ಲಿ ಶೇರಿನ ಪಾಲು 48. ಅದನ್ನು 60ಕ್ಕೆ ತರಲು 1.9 ಲಕ್ಷ ಬೇಕು.

ಡೆಟ್ 6 ಲಕ್ಷ ಇದೆಯಲ್ಲ ಎನ್ನುತ್ತೀರಿ. ಬಿಡಿಸಿ ನೋಡಿದರೆ ಪಿಎಫ್ 4.2 ಲಕ್ಷ, ಪಿಪಿಎಫ್ 1.3 ಲಕ್ಷ, ಎಫ್‌ಡಿ ಬರೀ 50,000. ಪಿಎಫ್ ನಿಮ್ಮ ಇಷ್ಟಕ್ಕೆ ಶೇರು ಕೊಳ್ಳಲು ಬರುವುದಿಲ್ಲ. ಪಿಪಿಎಫ್ 15 ವರ್ಷದ್ದು, ಏಳನೇ ಆರ್ಥಿಕ ವರ್ಷದ ಮೊದಲು ಒಂದು ರೂಪಾಯಿಯನ್ನೂ ಹಿಂಪಡೆಯಲಾಗದು. ಹಾಗಾಗಿ ಕೈಗೆ ಸಿಗುವುದು ಎಫ್‌ಡಿಯ 50,000, ಮತ್ತು ಬಂಗಾರದಲ್ಲಿ ಗುರಿಗಿಂತ ಹೆಚ್ಚಿರುವ 50,000 ಚಿಲ್ಲರೆ. ಬೇಕಾದದ್ದರ ಅರ್ಧ. ಕಾಗದದ ಮೇಲೆ 30 ಪರ್ಸೆಂಟ್ ಡೆಟ್ ಇದ್ದರೂ ಕೆಲಸಕ್ಕೆ ಬರುವ ಡೆಟ್ ಮೂರೇ ಪರ್ಸೆಂಟ್.

ಸಂಬಳದವರಲ್ಲಿ ಬಹುತೇಕರ ಸ್ಥಿತಿ ಇದೇ. ಡೆಟ್‌ನಲ್ಲಿ ಮೂರನೇ ಒಂದು ಭಾಗವಾದರೂ ಬೀಗ ಇಲ್ಲದ ಜಾಗದಲ್ಲಿರಲಿ: ಮುರಿಯಬಹುದಾದ ಎಫ್‌ಡಿ, ಲಿಕ್ವಿಡ್ ಫಂಡು, ಕಡಿಮೆ ಅವಧಿಯ ಡೆಟ್ ಫಂಡು. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡಿನ ಲಾಭಕ್ಕೆ ಎಷ್ಟು ವರ್ಷ ಇಟ್ಟರೂ ನಿಮ್ಮ ಸ್ಲ್ಯಾಬಿನ ತೆರಿಗೆಯೇ. ಆ ದೃಷ್ಟಿಯಿಂದ ಎಫ್‌ಡಿಗೂ ಅದಕ್ಕೂ ಈಗ ದೊಡ್ಡ ಫರಕಿಲ್ಲ. ಫಂಡಿನಲ್ಲಿ ಮಾರಿದಾಗ ಮಾತ್ರ ತೆರಿಗೆ, ಎಫ್‌ಡಿಯಲ್ಲಿ ವರ್ಷ ವರ್ಷ, ಅಷ್ಟೇ.

ಹಣ ಹಾಕುವಾಗ ಒಂದೇ ದಿನ ಹಾಕಬೇಕಿಲ್ಲ. ಮೂರು ಕಂತು ಮಾಡಿ, ತಿಂಗಳಿಗೊಂದು. ಆ 2020ರ ಕೊನೆಗೆ ಸೆನ್ಸೆಕ್ಸ್ 47,000 ದಾಟಿತ್ತು. ಆದರೆ ಪ್ರತಿ ಸಲ ಅಷ್ಟು ಬೇಗ ಏಳುತ್ತದೆಂದು ನಂಬಬೇಡಿ, 2008ರ ಕಥೆ ಮೇಲೆ ಹೇಳಿದೆ. ಅದಕ್ಕೇ ಆರು ತಿಂಗಳ ಮನೆಖರ್ಚನ್ನು ಈ ಲೆಕ್ಕದ ಹೊರಗಿಟ್ಟದ್ದು. ಅದನ್ನು ಮಾತ್ರ ಮುಟ್ಟಬೇಡಿ.

ಒಂದೇ ಕಂಪನಿಯ ಈಕ್ವಿಟಿ ಫಂಡಿನಿಂದ ಡೆಟ್ ಫಂಡಿಗೆ "ಸ್ವಿಚ್" ಮಾಡಿದರೆ ತೆರಿಗೆ ಇಲ್ಲವಂತೆ?

ಇದೆ. ಸ್ವಿಚ್ ಎಂದರೆ ಮಾರಾಟ ಮತ್ತು ಖರೀದಿ. ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರಲಿಲ್ಲ ಎಂಬ ಕಾರಣಕ್ಕೆ ತೆರಿಗೆ ತಪ್ಪುವುದಿಲ್ಲ. ವರ್ಷದೊಳಗಿನ ಈಕ್ವಿಟಿ ಯೂನಿಟ್ ಆದರೆ ಲಾಭಕ್ಕೆ 20 ಪರ್ಸೆಂಟ್, ಮೇಲಿಂದ ಎಕ್ಸಿಟ್ ಲೋಡ್ ಇರಬಹುದು. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ಬೇರೆ ದಿನಾಂಕ ಎಂಬುದು ನೆನಪಿರಲಿ. ಮೊದಲು ಬಂದ ಯೂನಿಟ್ ಮೊದಲು ಹೋಗುತ್ತದೆ, ಹಾಗಾಗಿ ಹಳೇ ಎಸ್‌ಐಪಿಯಲ್ಲಿ ಸ್ವಲ್ಪ ಮಾರಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಇಷ್ಟೆಲ್ಲ ನನ್ನ ಕೈಲಾಗದು. ಫಂಡಿನವರೇ ಮಾಡಿಕೊಡುವುದು ಯಾವುದೂ ಇಲ್ಲವೇ?

ಮಲ್ಟಿ ಅಸೆಟ್ ಅಲೊಕೇಶನ್ ಫಂಡ್ ಇದೆ. ಸೆಬಿ ನಿಯಮದಂತೆ ಕನಿಷ್ಠ ಮೂರು ಬಗೆಯ ಆಸ್ತಿಯಲ್ಲಿ, ಪ್ರತಿಯೊಂದರಲ್ಲೂ ಕನಿಷ್ಠ 10 ಪರ್ಸೆಂಟ್ ಇಡಬೇಕು. ಫಂಡಿನ ಒಳಗೆ ಮಾರಿ ಕೊಂಡರೆ ನಿಮಗೆ ತೆರಿಗೆ ಬರುವುದಿಲ್ಲ, ಅದು ದೊಡ್ಡ ಅನುಕೂಲ. ಕೊರತೆ ಎಂದರೆ ಪಾಲು ನಿಮ್ಮ ವಯಸ್ಸಿನದಲ್ಲ, ಮ್ಯಾನೇಜರನದು. ಒಂದು ಫಂಡಿನಲ್ಲಿ ಶೇರು 65 ಇದ್ದರೆ ಇನ್ನೊಂದರಲ್ಲಿ 40 ಇರುತ್ತದೆ, ತೆರಿಗೆಯೂ ಅದರಂತೆ ಬದಲಾಗುತ್ತದೆ. ಕೊಳ್ಳುವ ಮೊದಲು ಅದರ ತಿಂಗಳ ಫ್ಯಾಕ್ಟ್‌ಶೀಟ್ ತೆಗೆದು ಆ ಒಂದು ಸಾಲನ್ನು ನೋಡಿ. ಲೆಕ್ಕ ನೋಡಲು ವರ್ಷಕ್ಕೆ ಒಂದು ಗಂಟೆಯೂ ಇಲ್ಲದವರಿಗೆ ಇದು ಒಳ್ಳೆಯದೇ.

ನಿವೃತ್ತಿ ಆಯಿತು, ಸಂಬಳ ನಿಂತಿತು. ಈಗ ಹೊಸ ಹಣವೇ ಇಲ್ಲವಲ್ಲ, ಹೇಗೆ ಸರಿಮಾಡುವುದು?

ಒಳಗೆ ಬರುವ ಹಣ ನಿಂತರೆ ಹೊರಗೆ ಹೋಗುವ ಹಣದಿಂದ. ಖರ್ಚಿಗೆ ತೆಗೆಯುವಾಗ ಯಾವುದು ಗೆರೆ ಮೀರಿದೆಯೋ ಅದರಿಂದ ತೆಗೆಯಿರಿ. ವಿಜಯಪುರದ ನಿವೃತ್ತ ಶಿಕ್ಷಕ ದಂಪತಿಗೆ ಹೀಗೆಯೇ ಬರೆದುಕೊಟ್ಟಿದ್ದೇನೆ. ಅವರ ತಿಂಗಳ ಖರ್ಚು ಪಿಂಚಣಿ ಮತ್ತು ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿಯಲ್ಲಿ ನಡೆಯುತ್ತದೆ. ಆ ಯೋಜನೆಯಲ್ಲಿ ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಇಟ್ಟ ದಿನದ ಬಡ್ಡಿದರ ಐದು ವರ್ಷ ಬದಲಾಗುವುದಿಲ್ಲ, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚು, ಅಂದರೆ ಆರೋಗ್ಯ ವಿಮೆಯ ಕಂತು, ಮೊಮ್ಮಕ್ಕಳ ಕಾರ್ಯ, ಇವಕ್ಕೆ ಮಾತ್ರ ಫಂಡಿನಿಂದ ತೆಗೆಯುತ್ತಾರೆ. ಶೇರು ಏರಿದ ವರ್ಷ ಶೇರಿನಿಂದ, ಬಂಗಾರ ಏರಿದ ವರ್ಷ ಬಂಗಾರದಿಂದ, ಎರಡೂ ಬಿದ್ದ ವರ್ಷ ಎಫ್‌ಡಿಯಿಂದ.

ಡಿಜಿಟಲ್ ಗೋಲ್ಡ್ ಆದೀತೇ?

ಬೇಡ. ಆ್ಯಪಿನಲ್ಲಿ ಹತ್ತು ರೂಪಾಯಿಗೆ ಸಿಗುತ್ತದೆ ನಿಜ, ಆದರೆ ಅದು ಸೆಬಿ ನಿಯಂತ್ರಣಕ್ಕೆ ಒಳಪಟ್ಟಿಲ್ಲ ಎಂದು 2025ರ ನವೆಂಬರ್‌ನಲ್ಲಿ ಸೆಬಿಯೇ ಎಚ್ಚರಿಸಿದೆ. ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವಿನ ಅಂತರವೂ ಜಾಸ್ತಿ.

ಬಂಗಾರ ಮಾರಿದ ಮರುವಾರವೇ ಇನ್ನೂ ಏರಿದರೆ?

ಏರಿತು. ಅಳಿಯನ ಫೋನು ಬಂತು. "ಮಾಮಾ, ಮಾರಿದ್ದ ತಪ್ಪಾತು." ನಾನು ಕೇಳಿದೆ, ನಿನ್ನ ಹತ್ತಿರ ಇನ್ನೂ 2.8 ಲಕ್ಷದ ಬಂಗಾರ ಇದೆಯಲ್ಲ, ಅದು ಏರಲಿಲ್ಲವೇನು? ಅದಕ್ಕೆ ಮಾತಾಡಲಿಲ್ಲ. ಬಂಗಾರ ಸುಮ್ಮನೆ ಕೂರುವುದೂ ಉಂಟು ಎಂದು ಅವನಿಗೆ ನೆನಪಿಲ್ಲ. 2012ರಲ್ಲಿ ಹತ್ತು ಗ್ರಾಮಿಗೆ ಸುಮಾರು 31,000 ಇತ್ತು, 2015ರಲ್ಲಿ 26,000ದ ಆಸುಪಾಸಿಗೆ ಇಳಿಯಿತು, 2018ರಲ್ಲಿ ಮತ್ತೆ ಅದೇ 31,000. ಆರು ವರ್ಷ ಕಾದವರಿಗೆ ಸಿಕ್ಕದ್ದು ಏನೂ ಇಲ್ಲ. ಆಗ ಅವನು ಕಾಲೇಜಿನಿಂದ ಹೊರಬಂದು ಕೆಲಸ ಹುಡುಕುತ್ತಿದ್ದ, ರೇಟು ನೋಡುವ ಗೋಜು ಅವನಿಗೆ ಇರಲಿಲ್ಲ. ಮುಂದಿನ ಯುಗಾದಿಗೆ ಮತ್ತೆ ಲೆಕ್ಕ ತೆಗೆಯುತ್ತೇವೆ. ಬಂಗಾರ 12.5 ದಾಟಿದ್ದರೆ ಮತ್ತೆ ಸ್ವಲ್ಪ ಮಾರುತ್ತಾನೆ, ದಾಟದಿದ್ದರೆ ಹೋಳಿಗೆ ಉಂಡು ಹೋಗುತ್ತಾನೆ.